ರಾಜೀನಾಮೆ ಪತ್ರದಲ್ಲಿ ಬರೆದ ದಿನಾಂಕ: ಹಾಸನದ ಒಂದು ಕಾಫಿ ಕ್ಯೂರಿಂಗ್ ಘಟಕದ ಪ್ರಕರಣ

ಹಾಸನದಲ್ಲಿ ಕಾರ್ಮಿಕ ವ್ಯಾಜ್ಯಗಳನ್ನು ನೋಡಿಕೊಳ್ಳುವ ವಕೀಲನಾಗಿ ನಾನು ನಡೆಸಿದ ಪ್ರಕರಣಗಳಲ್ಲಿ ಇದನ್ನು ಆರಿಸಿಕೊಳ್ಳಲು ಒಂದು ಕಾರಣವಿದೆ. ಒಬ್ಬ ಉದ್ಯೋಗಿಯ ಒಂದೇ ಪತ್ರದ ಬಗ್ಗೆ ಒಂದೇ ಸಂಸ್ಥೆ ಎರಡು ತಿಂಗಳೊಳಗೆ ಎರಡು ವಿರುದ್ಧ ನಿಲುವುಗಳನ್ನು ತಳೆಯಿತು. ಜನವರಿಯಲ್ಲಿ ‘ನಿಮ್ಮ ರಾಜೀನಾಮೆಯನ್ನು ನಾವು ಒಪ್ಪುವುದಿಲ್ಲ, ನೀವು ಹೋಗುವಂತಿಲ್ಲ’ ಎಂದವರೇ ಮಾರ್ಚಿಯಲ್ಲಿ ‘ರಾಜೀನಾಮೆಯನ್ನು ಒಪ್ಪಿಯಾಗಿದೆ, ಇನ್ನು ನೀವು ಇರುವಂತಿಲ್ಲ’ ಎಂದರು. ಈ ಎರಡೂ ನಿಲುವುಗಳು ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ, ಮತ್ತು ಎರಡೂ ನಿಲ್ಲದಿರುವುದಕ್ಕೆ ಕಾರಣ ಒಂದೇ. ಸಂಬಂಧಪಟ್ಟವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಉದ್ಯೋಗಿ ಹಾಸನದ ಹೊರವಲಯದಲ್ಲಿರುವ, ಕಾಫಿಯ ಸಿಪ್ಪೆ ತೆಗೆದು ಬೀಜವನ್ನು ವಿಂಗಡಿಸುವ ಒಂದು ಕ್ಯೂರಿಂಗ್ ಘಟಕದಲ್ಲಿ ಹನ್ನೊಂದು ವರ್ಷಗಳಿಂದ ಗುಮಾಸ್ತೆಯಾಗಿದ್ದರು. ತೋಟಗಳಿಂದ ಬರುವ ಪಾರ್ಚ್‌ಮೆಂಟ್ ಮತ್ತು ಚೆರ್ರಿ ಚೀಲಗಳ ತೂಕದ ಚೀಟಿಗಳನ್ನು ದಾಖಲಿಸುವುದು, ಯಾವ ಬೆಳೆಗಾರರ ಸರಕು ಯಾವ ಗೋದಾಮಿನಲ್ಲಿದೆ ಎಂಬ ಲೆಕ್ಕ ಇಡುವುದು, ಕ್ಯೂರಿಂಗ್ ಮುಗಿದ ಮೇಲೆ ಎಷ್ಟು ಬೀಜ ಸಿಕ್ಕಿತೆಂಬ ಔಟ್‌ಟರ್ನ್ ಪಟ್ಟಿ ತಯಾರಿಸುವುದು ಅವರ ಕೆಲಸವಾಗಿತ್ತು. ಅವರ ಕೈಕೆಳಗೆ ಯಾರೂ ಇರಲಿಲ್ಲ. ಯಾರಿಗೂ ರಜೆ ಮಂಜೂರು ಮಾಡುವ ಅಧಿಕಾರವಾಗಲಿ, ಚೆಕ್‌ಗೆ ಸಹಿ ಹಾಕುವ ಅಧಿಕಾರವಾಗಲಿ ಅವರಿಗಿರಲಿಲ್ಲ. ಈ ಮಾತು ಇಲ್ಲಿ ಅಪ್ರಸ್ತುತವೆಂದು ತೋರಬಹುದಾದರೂ ಕೊನೆಗೆ ಪ್ರಕರಣ ತಿರುಗಿದ್ದು ಇದರ ಮೇಲೆಯೇ.

ಅವರ ಪತಿಗೆ ಮೈಸೂರಿಗೆ ವರ್ಗಾವಣೆಯಾಯಿತು. 2024ರ ಜನವರಿ 20ರಂದು ಅವರು ಮ್ಯಾನೇಜರ್ ಕೈಗೆ ರಾಜೀನಾಮೆ ಪತ್ರ ಕೊಟ್ಟರು. ನೇಮಕಾತಿ ಪತ್ರದ ಪ್ರಕಾರ ಎರಡು ಪಕ್ಷಗಳಲ್ಲಿ ಯಾರೇ ಆಗಲಿ ಎರಡು ತಿಂಗಳ ಲಿಖಿತ ನೋಟಿಸ್ ಕೊಟ್ಟು, ಇಲ್ಲವೇ ಅಷ್ಟು ಅವಧಿಯ ಸಂಬಳ ಕೊಟ್ಟು, ಉದ್ಯೋಗವನ್ನು ಕೊನೆಗೊಳಿಸಬಹುದಿತ್ತು. ಅದನ್ನು ಓದಿಕೊಂಡೇ ಅವರು ‘ಮಾರ್ಚ್ 20ರಂದು ಕೆಲಸದ ಅವಧಿ ಮುಗಿದ ನಂತರ ನನ್ನನ್ನು ಸೇವೆಯಿಂದ ಬಿಡುಗಡೆ ಮಾಡಬೇಕು’ ಎಂದು ಬರೆದಿದ್ದರು. ಆ ಒಂದು ಸಾಲು ಪತ್ರದಲ್ಲಿ ಇಲ್ಲದಿದ್ದರೆ ನಾನು ಈ ಪ್ರಕರಣವನ್ನು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತಿತ್ತು.

ಜನವರಿ 29ರಂದು ಉತ್ತರ ಬಂತು. ಅರೇಬಿಕಾ ಬಂದು ಬೀಳುತ್ತಿದೆ, ಅದರ ಬೆನ್ನಿಗೇ ರೋಬಸ್ಟಾ ಬರಲಿದೆ, ಸೀಸನ್ ಮುಗಿಯುವವರೆಗೆ, ಅಂದರೆ ಮೇ ತಿಂಗಳ ಕೊನೆಯವರೆಗೆ, ರಾಜೀನಾಮೆಯನ್ನು ಅಂಗೀಕರಿಸಲು ಸಾಧ್ಯವಿಲ್ಲ, ಅದಕ್ಕೆ ಮೊದಲು ಹೋದರೆ ಬಿಡುಗಡೆ ಪತ್ರವನ್ನೂ ಅನುಭವದ ಪ್ರಮಾಣಪತ್ರವನ್ನೂ ಕೊಡುವುದಿಲ್ಲ ಎಂದು ಅದರಲ್ಲಿತ್ತು. ಅವರು ಮೊದಲ ಬಾರಿಗೆ ನನ್ನ ಕಚೇರಿಗೆ ಬಂದದ್ದು ಈ ಉತ್ತರವನ್ನು ಹಿಡಿದುಕೊಂಡು. ‘ಸಾರ್, ಅವರು ಒಪ್ಪದೇ ಇದ್ದರೆ ನಾನು ಹೋಗೋ ಹಾಗೇ ಇಲ್ವಾ?’ ಎಂಬುದು ಅವರ ಪ್ರಶ್ನೆಯಾಗಿತ್ತು.

ಹೋಗಬಹುದು. ಒಬ್ಬ ವ್ಯಕ್ತಿಯನ್ನು ಅವನ ಇಚ್ಛೆಗೆ ವಿರುದ್ಧವಾಗಿ ದುಡಿಸುವಂತೆ ನಮ್ಮ ದೇಶದ ಯಾವ ಸಿವಿಲ್ ನ್ಯಾಯಾಲಯವೂ ಆದೇಶಿಸುವುದಿಲ್ಲ. ವೈಯಕ್ತಿಕ ಸೇವೆಯ ಒಪ್ಪಂದವನ್ನು ಯಥಾವತ್ತಾಗಿ ಜಾರಿಗೊಳಿಸಲು ಬರುವುದಿಲ್ಲ ಎಂಬುದು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ ತತ್ವ; ಅದರ ಹಿಂದೆ ಬಲವಂತದ ದುಡಿಮೆಯನ್ನು ನಿಷೇಧಿಸುವ ಸಂವಿಧಾನದ 23ನೇ ವಿಧಿಯಿದೆ. ಹೀಗಾಗಿ ನೋಟಿಸ್ ಕೊಟ್ಟು ಬಿಡಬಹುದು ಎಂದಷ್ಟೇ ಒಪ್ಪಂದದಲ್ಲಿದ್ದಾಗ, ನೋಟಿಸ್ ಅವಧಿ ಮುಗಿದೊಡನೆ ಸಂಬಂಧವೂ ಮುಗಿಯುತ್ತದೆ, ಮಾಲೀಕರ ಒಪ್ಪಿಗೆ ಅದಕ್ಕೆ ಬೇಕಾಗುವುದಿಲ್ಲ. ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಏರ್ ಇಂಡಿಯಾ ಉದ್ಯೋಗಿ ಸಂಜಯ್ ಜೈನ್ ಪ್ರಕರಣದಲ್ಲಿ ಇದನ್ನು ನೇರವಾಗಿ ಹೇಳಿದೆ: ರಾಜೀನಾಮೆ ಕೊಡುವುದು ಉದ್ಯೋಗಿಯ ಹಕ್ಕು, ಮನಸ್ಸಿಲ್ಲದವನನ್ನು ಸೇವೆಯಲ್ಲಿ ಉಳಿಯುವಂತೆ ಒತ್ತಾಯಿಸಲಾಗದು. ಆದರೆ ಸೇವಾ ನಿಯಮದಲ್ಲಿ ಅಥವಾ ನೇಮಕದ ಷರತ್ತಿನಲ್ಲಿ ಬೇರೆ ವಿಧಿಯಿದ್ದರೆ, ಅಥವಾ ಶಿಸ್ತುಕ್ರಮ ನಡೆಯುತ್ತಿದ್ದು ಇಲ್ಲವೇ ಆರಂಭವಾಗುವುದರಲ್ಲಿದ್ದು ಅದರಿಂದ ತಪ್ಪಿಸಿಕೊಳ್ಳಲು ರಾಜೀನಾಮೆ ಕೊಟ್ಟಿದ್ದರೆ ಮಾತು ಬೇರೆಯಾಗುತ್ತದೆ ಎಂದೂ ನ್ಯಾಯಾಲಯ ಸೇರಿಸಿದೆ. ಸರ್ಕಾರಿ ನೌಕರರಿಗೂ, ಸೇವಾ ನಿಯಮಗಳಿರುವ ಬ್ಯಾಂಕು ಮತ್ತು ನಿಗಮಗಳ ನೌಕರರಿಗೂ ಸಾಮಾನ್ಯವಾಗಿ ಅಂಗೀಕಾರ ಬೇಕಾಗುವುದು ಈ ಕಾರಣಕ್ಕೆ. ನಮ್ಮ ಗುಮಾಸ್ತೆಯ ನೇಮಕಾತಿ ಪತ್ರದಲ್ಲಿ ಅಂಗೀಕಾರದ ಮಾತೇ ಇರಲಿಲ್ಲ, ಅವರ ಮೇಲೆ ವಿಚಾರಣೆಯೂ ಇರಲಿಲ್ಲ.

ಹಾಗೆಂದು ಮಾಲೀಕರ ಕೈ ಪೂರ್ತಿ ಕಟ್ಟಿದೆ ಎಂದಲ್ಲ. ನೋಟಿಸ್ ಅವಧಿಯನ್ನು ಪೂರೈಸದೆ ಹೋದರೆ ಉಳಿದ ದಿನಗಳ ಸಂಬಳವನ್ನು ಒಪ್ಪಂದದ ಪ್ರಕಾರ ಕೇಳಬಹುದು. ಕನಿಷ್ಠ ಸೇವಾವಧಿಯ ಬಾಂಡ್ ಇದ್ದರೆ, ಮೊತ್ತ ನ್ಯಾಯವಾದದ್ದಾಗಿದ್ದಲ್ಲಿ, ಅದನ್ನೂ ವಸೂಲು ಮಾಡಬಹುದು. ಮೂರು ವರ್ಷ ಪೂರೈಸದೆ ಹೋದವರು ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸರ್ವೋಚ್ಚ ನ್ಯಾಯಾಲಯ 2025ರಲ್ಲಿ ಎತ್ತಿಹಿಡಿದಿದೆ. ಅಂದರೆ ಹೋಗುವುದಕ್ಕೆ ಬೆಲೆ ಕಟ್ಟಬಹುದು, ಹೋಗುವುದನ್ನು ತಡೆಯಲಾಗದು. ಸೀಸನ್ ಎಂಬುದು ಕ್ಯೂರಿಂಗ್ ಘಟಕಕ್ಕೆ ನಿಜವಾದ ಕಷ್ಟವೇ ಹೌದು. ಆದರೆ ಅದನ್ನು ಎಣಿಸಿಕೊಂಡು ನೋಟಿಸ್ ಅವಧಿಯನ್ನು ನಾಲ್ಕು ತಿಂಗಳಿಗೆ ಇಡಬೇಕಾಗಿದ್ದದ್ದು ನೇಮಕಾತಿ ಪತ್ರ ಬರೆದ ದಿನ. ರಾಜೀನಾಮೆ ಬಂದ ಮೇಲೆ ಒಂದು ಪಕ್ಷ ತಾನಾಗಿಯೇ ಅದನ್ನು ಉದ್ದ ಮಾಡುವುದಕ್ಕಾಗುವುದಿಲ್ಲ.

ಹೀಗಾಗಿ ಸುಮ್ಮನೆ ಕೆಲಸ ಮಾಡುತ್ತಿರಿ, ಮಾರ್ಚ್ 20ರಂದು ರಿಜಿಸ್ಟರುಗಳನ್ನೂ ಬೀಗದ ಕೈಗಳನ್ನೂ ಪಟ್ಟಿ ಮಾಡಿ ಒಪ್ಪಿಸಿ, ಪಟ್ಟಿಯ ಪ್ರತಿಯನ್ನು ಅದೇ ದಿನ ಇಮೇಲ್ ಮಾಡಿ ಹೊರಡಿ ಎಂದು ಅವರಿಗೆ ಹೇಳಿದೆ. ಭವಿಷ್ಯ ನಿಧಿಯ ಬಗ್ಗೆ ಅವರಿಗಿದ್ದ ಭಯವನ್ನೂ ಹೋಗಲಾಡಿಸಬೇಕಾಯಿತು. ಸಂಸ್ಥೆ ಕೆಲಸ ಬಿಟ್ಟ ದಿನಾಂಕವನ್ನು ನಮೂದಿಸದೆ ಸತಾಯಿಸಿದರೆ, ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳಾದ ಮೇಲೆ ಸದಸ್ಯರೇ ಇಪಿಎಫ್‌ಒ ಪೋರ್ಟಲ್‌ನಲ್ಲಿ ಅದನ್ನು ನಮೂದಿಸಬಹುದು.

ಇಲ್ಲಿಗೆ ವಿಷಯ ಮುಗಿಯಿತೆಂದು ನಾನು ಭಾವಿಸಿದ್ದೆ. ಫೆಬ್ರವರಿ 17ರಂದು ಸಂಸ್ಥೆಯಿಂದ ಎರಡನೆಯ ಪತ್ರ ಬಂತು: ‘ನಿಮ್ಮ ರಾಜೀನಾಮೆಯನ್ನು ಅಂಗೀಕರಿಸಲಾಗಿದೆ, ಮಾರ್ಚ್ 20ರಂದು ಬಿಡುಗಡೆ ಮಾಡಲಾಗುವುದು.’ ಕಡಿಮೆ ಸಂಬಳಕ್ಕೆ ಇನ್ನೊಬ್ಬರು ಸಿಕ್ಕಿದ್ದರು, ಮಾರ್ಚ್ ಒಂದರಿಂದ ಅವರು ಕೆಲಸಕ್ಕೆ ಬರತೊಡಗಿದರು. ಅದೇ ವಾರ ಪತಿಯ ವರ್ಗಾವಣೆ ರದ್ದಾಯಿತು. ಮಾರ್ಚ್ 4ರಂದು ಗುಮಾಸ್ತೆ ತಮ್ಮ ರಾಜೀನಾಮೆಯನ್ನು ಹಿಂಪಡೆದಿರುವುದಾಗಿ ಎರಡು ಸಾಲಿನ ಪತ್ರ ಬರೆದು, ಅದನ್ನು ಇಮೇಲ್ ಮೂಲಕವೂ, ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯ ಮೂಲಕವೂ ಕಳುಹಿಸಿದರು. ಮಾರ್ಚ್ 7ರಂದು ಬಂದ ಉತ್ತರ ಹೀಗಿತ್ತು: ಅಂಗೀಕಾರವಾಗಿರುವ ರಾಜೀನಾಮೆಯನ್ನು ಹಿಂಪಡೆಯುವ ಪ್ರಶ್ನೆಯೇ ಇಲ್ಲ, ಉಳಿದ ನೋಟಿಸ್ ದಿನಗಳು ಬೇಕಾಗಿಲ್ಲ, ಇಂದು ಸಂಜೆಯಿಂದಲೇ ನಿಮ್ಮನ್ನು ಬಿಡುಗಡೆ ಮಾಡಲಾಗಿದೆ. ಉಳಿದ ದಿನಗಳ ಸಂಬಳದ ಮಾತು ಅದರಲ್ಲಿರಲಿಲ್ಲ.

ಅಂಗೀಕಾರವಾದ ಮೇಲೆ ರಾಜೀನಾಮೆ ಹಿಂಪಡೆಯಲಾಗದು ಎಂಬ ನಂಬಿಕೆ ಮಾಲೀಕರಲ್ಲಷ್ಟೇ ಅಲ್ಲ, ವಕೀಲರಲ್ಲಿಯೂ ಗಟ್ಟಿಯಾಗಿದೆ. ಅದು ಒಂದು ಬಗೆಯ ರಾಜೀನಾಮೆಗೆ ಮಾತ್ರ ಸರಿ. ದಿನಾಂಕವಿಲ್ಲದೆ ‘ಈ ಕೂಡಲೇ ಬಿಡುತ್ತಿದ್ದೇನೆ’ ಎಂದು ಬರೆದುಕೊಟ್ಟರೆ, ಅಂಗೀಕಾರ ಬೇಕಾದ ಸೇವೆಯಲ್ಲಿ ಅಂಗೀಕಾರವಾದ ಕ್ಷಣಕ್ಕೆ ಎಲ್ಲವೂ ಮುಗಿಯುತ್ತದೆ. 1968ರಲ್ಲಿ ತೀರ್ಮಾನವಾದ ರಾಜ್ ಕುಮಾರ್ ಪ್ರಕರಣದಲ್ಲಿ ಐಎಎಸ್ ಅಧಿಕಾರಿಯೊಬ್ಬರು ಇಂತಹ ರಾಜೀನಾಮೆ ಕೊಟ್ಟು, ಅಂಗೀಕಾರದ ಸುದ್ದಿ ತಮಗೆ ತಲುಪುವ ಮೊದಲೇ ಹಿಂಪಡೆಯಲು ಬರೆದರೂ, ಅಂಗೀಕಾರ ಅದಕ್ಕೂ ಮೊದಲೇ ಆಗಿಹೋಗಿದ್ದರಿಂದ ಸೋತರು. ಮುಂದಿನ ದಿನಾಂಕವನ್ನು ಹೊತ್ತ ರಾಜೀನಾಮೆಯ ಸ್ವಭಾವ ಬೇರೆ. ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರೊಬ್ಬರು 1977ರ ಮೇ ತಿಂಗಳಲ್ಲಿ, ಆಗಸ್ಟ್ 1ರಿಂದ ಜಾರಿಗೆ ಬರುವಂತೆ ರಾಷ್ಟ್ರಪತಿಗಳಿಗೆ ರಾಜೀನಾಮೆ ಬರೆದು, ಜುಲೈ ಮಧ್ಯದಲ್ಲಿ ಅದನ್ನು ಹಿಂಪಡೆದರು. ನ್ಯಾಯಾಧೀಶರ ರಾಜೀನಾಮೆಗೆ ಯಾರ ಅಂಗೀಕಾರವೂ ಬೇಕಿಲ್ಲ. ಆದರೂ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ, ಗೋಪಾಲ ಚಂದ್ರ ಮಿಶ್ರ ಪ್ರಕರಣ ಎಂದು ಪ್ರಸಿದ್ಧವಾದ ತೀರ್ಪಿನಲ್ಲಿ, ಆ ಹಿಂಪಡೆಯುವಿಕೆಯನ್ನು ಒಪ್ಪಿತು. ಹೇಳಿದ ದಿನ ಬರುವವರೆಗೆ ಅಂತಹ ಪತ್ರ ಬಿಡುವ ಇರಾದೆಯ ತಿಳಿವಳಿಕೆ ಮಾತ್ರ, ಬಿಟ್ಟದ್ದಲ್ಲ. ಕಾನೂನಿನಲ್ಲಿ ಅಥವಾ ಒಪ್ಪಂದದಲ್ಲಿ ತಡೆಯಿಲ್ಲದಿದ್ದರೆ ಅಲ್ಲಿಯವರೆಗೆ ಅದನ್ನು ಹಿಂಪಡೆಯಬಹುದು ಎಂಬುದು ಅದರ ತಿರುಳು.

ಅಂಗೀಕಾರವೂ ಆಗಿದ್ದರೆ? ಇದಕ್ಕೆ ನಮ್ಮ ರಾಜ್ಯದ್ದೇ ಪ್ರಕರಣವೊಂದು ಉತ್ತರ ಕೊಡುತ್ತದೆ. ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯ ಶ್ರೀಕಂಠ ಎಸ್. ಎಂ. ಎಂಬ ಅಧಿಕಾರಿ 1993ರ ಜನವರಿ 4ರಂದು ರಾಜೀನಾಮೆ ಕೊಟ್ಟರು, ಸಂಸ್ಥೆ ಅಂದೇ ಅದನ್ನು ಅಂಗೀಕರಿಸಿತು. ಆದರೆ ಅದರ ಜೊತೆಯಲ್ಲೇ ಕೆಲವು ದಿನಗಳ ಸಾಂದರ್ಭಿಕ ರಜೆಯನ್ನು ಮಂಜೂರು ಮಾಡಿ, ಜನವರಿ 15ರಂದು ಕಚೇರಿ ವೇಳೆಯ ನಂತರ ಬಿಡುಗಡೆ ಎಂದು ತಿಳಿಸಿತು. ಅವರು ಜನವರಿ 8ರಂದು ರಾಜೀನಾಮೆ ಹಿಂಪಡೆದರು. ರಜೆ ಕೊಡಬೇಕಾದರೆ ಉದ್ಯೋಗಿ ಉದ್ಯೋಗಿಯಾಗಿಯೇ ಇರಬೇಕಲ್ಲವೇ? ಬಿಡುಗಡೆಯ ದಿನದವರೆಗೆ ಮಾಲೀಕ ಮತ್ತು ನೌಕರರ ಸಂಬಂಧ ಬದುಕಿತ್ತು, ಆದ್ದರಿಂದ ಅಂಗೀಕಾರವಾಗಿದ್ದರೂ ಹಿಂಪಡೆದದ್ದು ಊರ್ಜಿತ ಎಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಹೇಳಿತು. ನಮ್ಮ ಪ್ರಕರಣಕ್ಕೆ ಇದಕ್ಕಿಂತ ಹತ್ತಿರದ ತೀರ್ಪು ಆಗ ನನಗೆ ಕಾಣಲಿಲ್ಲ: ಸಂಸ್ಥೆಯ ಫೆಬ್ರವರಿ 17ರ ಪತ್ರವೇ ಬಿಡುಗಡೆಯ ದಿನ ಮಾರ್ಚ್ 20 ಎನ್ನುತ್ತಿತ್ತು.

ಮಾರ್ಚ್ 7ರ ದಿಢೀರ್ ಬಿಡುಗಡೆ ಇದನ್ನು ಬದಲಿಸುತ್ತದೆಯೇ ಎಂಬುದು ನಾನು ಹೆಚ್ಚು ಹೊತ್ತು ಯೋಚಿಸಿದ ಪ್ರಶ್ನೆ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪಿ. ಕೆ. ಮಿತ್ತಲ್ ಪ್ರಕರಣದಲ್ಲಿ ಅಧಿಕಾರಿ ಕೆಲವು ತಿಂಗಳು ಮುಂದಿನ ದಿನಾಂಕ ಹಾಕಿ ರಾಜೀನಾಮೆ ಕೊಟ್ಟಿದ್ದರು. ಬ್ಯಾಂಕು ತಾನಾಗಿಯೇ ಅದನ್ನು ತಕ್ಷಣದಿಂದ ಅಂಗೀಕರಿಸಿ ಅವರನ್ನು ಕಳುಹಿಸಿತು. ನೋಟಿಸ್ ಅವಧಿ ಉದ್ಯೋಗಿಯ ಹಿತಕ್ಕೂ ಇರುವಂಥದ್ದು, ಅವರ ಕೋರಿಕೆಯಿಲ್ಲದೆ ಬ್ಯಾಂಕು ಅದನ್ನು ಮೊಟಕುಗೊಳಿಸಲಾಗದು, ಹಾಗಾಗಿ ನಡುವೆ ಅವರು ಹಿಂಪಡೆದದ್ದು ಸರಿ ಎಂದು 1989ರಲ್ಲಿ ತೀರ್ಮಾನವಾಯಿತು. ಅದು ಬ್ಯಾಂಕಿನ ಸೇವಾ ನಿಯಮದ ಅರ್ಥವಿವರಣೆ. ನಮ್ಮ ನೇಮಕಾತಿ ಪತ್ರದಲ್ಲಿ ನೋಟಿಸಿನ ಬದಲು ಸಂಬಳ ಕೊಡಬಹುದು ಎಂಬ ಮಾತಿತ್ತು. ಹಿಂಪಡೆಯುವ ಪತ್ರ ಬರುವ ಮೊದಲೇ ಸಂಸ್ಥೆ ಉಳಿದ ಸಂಬಳವನ್ನು ಕೈಗಿತ್ತು ಕಳುಹಿಸಿದ್ದರೆ, ಒಪ್ಪಂದವೇ ತಮಗೆ ಆ ದಾರಿ ಕೊಟ್ಟಿದೆ ಎಂದು ಅವರು ಗಟ್ಟಿಯಾಗಿ ವಾದಿಸಬಹುದಿತ್ತು. ಆದರೆ ಸಂಬಳವನ್ನು ಕೊಡಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಮೇಲ್ ತಲುಪಿದ್ದು ಮಾರ್ಚ್ 4ರಂದು, ರಿಜಿಸ್ಟರ್ಡ್ ಪತ್ರ ತಲುಪಿದ್ದು 6ರಂದು. ಎಂದ ಮೇಲೆ 7ರಂದು ಮೊಟಕುಗೊಳಿಸಲು ಅಲ್ಲಿ ರಾಜೀನಾಮೆಯೇ ಉಳಿದಿರಲಿಲ್ಲ. ಅಂದು ನಡೆದದ್ದು ರಾಜೀನಾಮೆಯ ಅಂಗೀಕಾರವಲ್ಲ, ಮಾಲೀಕರು ತಾವಾಗಿಯೇ ಕೆಲಸದಿಂದ ತೆಗೆದದ್ದು ಎಂಬುದು ನನ್ನ ವಾದವಾಯಿತು.

ಈ ವಾದಕ್ಕೆ ಬಲ ಬಂದದ್ದು ಅವರು ಗುಮಾಸ್ತೆಯಾಗಿದ್ದರಿಂದ. ಮೇಲಿನ ತೀರ್ಪುಗಳೆಲ್ಲ ಸರ್ಕಾರಕ್ಕೆ ಅಥವಾ ಸರ್ಕಾರಿ ಸಂಸ್ಥೆಗಳಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಬಂದವು. ಅಲ್ಲಿ ರಿಟ್ ಅರ್ಜಿಯ ದಾರಿ ತೆರೆದಿರುತ್ತದೆ, ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಹೈಕೋರ್ಟ್ ಹೇಳಬಹುದು. ಖಾಸಗಿ ಸಂಸ್ಥೆಯ ಒಬ್ಬ ಮ್ಯಾನೇಜರ್ ಇದೇ ರೀತಿ ರಾಜೀನಾಮೆ ಹಿಂಪಡೆದು, ಸಂಸ್ಥೆ ಅದನ್ನು ಒಪ್ಪದೆ ಹೊರಗೆ ಹಾಕಿದರೆ, ತತ್ವ ಅವರ ಪರವಾಗಿದ್ದರೂ ಪರಿಹಾರ ಬಹಳ ಕಿರಿದು. ಮನಸ್ಸಿಲ್ಲದ ನೌಕರನನ್ನು ಮಾಲೀಕರಿಗೆ ಕಟ್ಟಿಹಾಕದ ಅದೇ ಕಾನೂನು ಮನಸ್ಸಿಲ್ಲದ ಮಾಲೀಕರಿಗೆ ನೌಕರನನ್ನು ಕಟ್ಟಿಹಾಕುವುದಿಲ್ಲ. ಸಿವಿಲ್ ನ್ಯಾಯಾಲಯ ಕೊಡುವುದು ನಷ್ಟ ಪರಿಹಾರವನ್ನು, ಅದೂ ಸಾಮಾನ್ಯವಾಗಿ ನೋಟಿಸ್ ಅವಧಿಯ ಸಂಬಳದ ಆಸುಪಾಸಿನಲ್ಲಿ. ತೀರ್ಪಿನ ಒಂದು ಸಾಲನ್ನು ಓದಿಕೊಂಡು ಬರುವ ಮ್ಯಾನೇಜರುಗಳಿಗೆ ಇದನ್ನು ಹೇಳುವುದು ನನಗೆ ಇಂದಿಗೂ ಕಷ್ಟದ ಕೆಲಸ. ಆದರೆ ಕಾರಕೂನಿಕೆಯ ಕೆಲಸ ಮಾಡುವವರು ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಅಧಿನಿಯಮದ ಅರ್ಥದಲ್ಲಿ ‘ವರ್ಕ್‌ಮನ್’ ಆಗುತ್ತಿದ್ದರು, ಮತ್ತು ಕಾರ್ಮಿಕ ನ್ಯಾಯಾಲಯಕ್ಕೆ ಮರುನೇಮಕದ ಅಧಿಕಾರವಿತ್ತು. ರಾಜೀನಾಮೆ ಇಲ್ಲವೆಂದಾದ ಮೇಲೆ ಮಾರ್ಚ್ 7ರ ಕ್ರಮ ಕಾನೂನಿನ ಭಾಷೆಯಲ್ಲಿ ನೌಕರಿಯಿಂದ ತೆಗೆಯುವಿಕೆ, ಅಂದರೆ ರಿಟ್ರೆಂಚ್‌ಮೆಂಟ್ ಎನಿಸುತ್ತದೆ. ಒಂದು ವರ್ಷದಲ್ಲಿ 240 ದಿನ ದುಡಿದವರಿಗೆ ಒಂದು ತಿಂಗಳ ನೋಟಿಸ್ ಅಥವಾ ಸಂಬಳ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸರಾಸರಿ ವೇತನವನ್ನು ಕೊಡದೆ ಹಾಗೆ ತೆಗೆಯುವಂತಿಲ್ಲ ಎಂದು 25-ಎಫ್ ಕಲಂ ಹೇಳುತ್ತಿತ್ತು. ಹನ್ನೊಂದು ವರ್ಷ ದುಡಿದವರಿಗೆ ಒಂದು ರೂಪಾಯಿಯನ್ನೂ ಕೊಡದೆ ಸಂಸ್ಥೆ ಗೇಟಿನ ಹೊರಗೆ ನಿಲ್ಲಿಸಿತ್ತು. ಗುಮಾಸ್ತೆಯ ಕೈಕೆಳಗೆ ಯಾರೂ ಇರಲಿಲ್ಲ ಎಂದು ಆರಂಭದಲ್ಲೇ ಹೇಳಿದ್ದು ಇದಕ್ಕಾಗಿ: ಅವರು ವರ್ಕ್‌ಮನ್ ಅಲ್ಲವೆನ್ನಲು ಸಂಸ್ಥೆ ಅವರನ್ನು ಮೇಲ್ವಿಚಾರಕಿ ಎಂದು ತೋರಿಸಲು ಯತ್ನಿಸಿತು, ಆದರೆ ಅವರ ಹೆಸರಿನಲ್ಲಿದ್ದದ್ದು ತೂಕದ ಚೀಟಿಗಳು ಮತ್ತು ರಿಜಿಸ್ಟರುಗಳು ಮಾತ್ರ.

ಸಂಸ್ಥೆಯ ಕಡೆಗೂ ಒಂದು ನಿಜವಾದ ವಾದವಿತ್ತು, ಅದನ್ನು ನಾನು ಹಗುರವಾಗಿ ಕಾಣಲಿಲ್ಲ. ರಾಜೀನಾಮೆಯನ್ನು ನಂಬಿ ಅವರು ಇನ್ನೊಬ್ಬರನ್ನು ತೆಗೆದುಕೊಂಡಿದ್ದರು. ಸ್ವಯಂ ನಿವೃತ್ತಿಯ ನೋಟಿಸನ್ನು ಹಿಂಪಡೆದ ಬಲರಾಮ್ ಗುಪ್ತಾ ಪ್ರಕರಣದಲ್ಲಿ, 1987ರಲ್ಲಿ, ಸರ್ವೋಚ್ಚ ನ್ಯಾಯಾಲಯ ನೌಕರನಿಗೆ ಮನಸ್ಸು ಬದಲಿಸಲು ಅವಕಾಶವಿರಬೇಕು ಎನ್ನುವಾಗ, ಆಡಳಿತದ ವ್ಯವಸ್ಥೆಗಳು ಅದರಿಂದ ಏರುಪೇರಾಗಿಲ್ಲ ಎಂಬುದನ್ನೂ ಗಮನಿಸಿತ್ತು. ಬದಲಿ ವ್ಯಕ್ತಿ ಹಳೆಯ ಕೆಲಸ ಬಿಟ್ಟು ಬಂದಿದ್ದರೆ, ಅವರ ಕುಟುಂಬ ಹಾಸನಕ್ಕೆ ಬಂದು ಮನೆ ಮಾಡಿದ್ದರೆ, ನ್ಯಾಯ ಯಾವ ಕಡೆಗೆ ವಾಲಬೇಕೆಂದು ಹೇಳುವುದು ಸುಲಭವಲ್ಲ. ಆದರೆ ಬದಲಿ ನೇಮಕವೊಂದರಿಂದಲೇ ಉದ್ಯೋಗಿಯ ಹಕ್ಕು ನಾಶವಾಗುತ್ತದೆ ಎಂದು ಆ ತೀರ್ಪು ಹೇಳುವುದಿಲ್ಲ, ಮತ್ತು ಸೀಸನ್ನಿನಲ್ಲಿ ಗುಮಾಸ್ತರು ಸಾಲದು ಎಂದು ಜನವರಿಯಲ್ಲಿ ಬರೆದುಕೊಟ್ಟ ಸಂಸ್ಥೆ ಮಾರ್ಚಿಯಲ್ಲಿ ಇಬ್ಬರು ಹೆಚ್ಚಾದರು ಎನ್ನುವುದು ಕೇಳುವವರ ಮನಸ್ಸಿಗೆ ಹತ್ತುವ ಮಾತಲ್ಲ. ಜನವರಿ 29ರ ಅವರ ಪತ್ರವೇ ಅವರಿಗೆ ಎದುರು ಸಾಕ್ಷಿಯಾಯಿತು.

ಮಾರ್ಚ್ 14ರಂದು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗಳಿಗೆ ಅರ್ಜಿ ಕೊಟ್ಟೆವು. ಅರ್ಜಿಯೊಂದಿಗೆ ಇಟ್ಟದ್ದು ಆರೇ ಕಾಗದಗಳು: ನೇಮಕಾತಿ ಪತ್ರ, ರಾಜೀನಾಮೆ, ಸಂಸ್ಥೆಯ ಮೂರು ಉತ್ತರಗಳು, ಹಿಂಪಡೆದ ಪತ್ರ ಮತ್ತು ಅದಕ್ಕೆ ಲಗತ್ತಿಸಿದ ಅಂಚೆಯ ಸ್ವೀಕೃತಿ. ಮೊದಲ ಸಭೆಯಲ್ಲಿ ಸಂಸ್ಥೆಯ ಪ್ರತಿನಿಧಿ ಹಿಂಪಡೆದ ಪತ್ರ ತಮಗೆ ತಲುಪಿಲ್ಲವೆಂದರು. ಆದರೆ ‘ಹಿಂಪಡೆಯುವ ಪ್ರಶ್ನೆಯೇ ಇಲ್ಲ’ ಎಂದು ಮಾರ್ಚ್ 7ರಂದು ಅವರೇ ಬರೆದಿದ್ದರು. ಅಧಿಕಾರಿಗಳು ಆ ಪತ್ರವನ್ನು ಅವರ ಮುಂದಿಟ್ಟ ಮೇಲೆ ಆ ಮಾತು ಮತ್ತೆ ಬರಲಿಲ್ಲ.

ಇಂದು ಇಂಥದೇ ಪ್ರಕರಣ ಬಂದರೆ ಹಾದಿಯ ಹೆಸರುಗಳು ಬದಲಾಗಿವೆ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಹಳೆಯ ಅಧಿನಿಯಮದ ಸ್ಥಾನಕ್ಕೆ ಬಂದಿದೆ, ಮತ್ತು ಅದೇ ದಿನ ಜಾರಿಗೆ ಬಂದ ವೇತನ ಸಂಹಿತೆ ರಾಜೀನಾಮೆ ಕೊಟ್ಟು ಹೋಗುವವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆನ್ನುತ್ತದೆ. ಆದರೆ ರಾಜೀನಾಮೆ ಯಾವಾಗ ಮುಗಿದ ಮಾತಾಗುತ್ತದೆ ಎಂಬ ತತ್ವ ಬಂದಿರುವುದು ತೀರ್ಪುಗಳಿಂದ. ಸಂಹಿತೆಗಳು ಅದನ್ನು ಮುಟ್ಟಿಲ್ಲ.

ಏಪ್ರಿಲ್ ಕೊನೆಯ ವಾರದ ಎರಡನೆಯ ಸಭೆಯಲ್ಲಿ ರಾಜಿಯಾಯಿತು. ಗುಮಾಸ್ತೆ ಮೇ ಒಂದರಿಂದ ಹಿಂದಿನ ಸೇವೆ ಮುರಿಯದಂತೆ ಅದೇ ಹುದ್ದೆಗೆ ಮರಳಿದರು, ಬದಲಿಗೆ ಬಂದವರನ್ನು ಗೋದಾಮಿನ ದಾಸ್ತಾನು ಲೆಕ್ಕಕ್ಕೆ ಹಾಕಿದರು. ಹೊರಗಿದ್ದ ದಿನಗಳಿಗೆ ಅರ್ಧ ಸಂಬಳ ಎಂಬ ಷರತ್ತನ್ನು ನಾನು ವಿರೋಧಿಸಿದೆ, ಏಕೆಂದರೆ ತಪ್ಪು ಅವರದಾಗಿರಲಿಲ್ಲ. ಆದರೆ ಮಕ್ಕಳ ಶಾಲೆಯ ಶುಲ್ಕ ಕಟ್ಟುವ ತಿಂಗಳು ಹತ್ತಿರ ಬಂದಿತ್ತು, ‘ಸಾಕು ಸಾರ್, ನನಗೆ ಕೆಲಸ ಬೇಕು’ ಎಂದು ಅವರೇ ಒಪ್ಪಿ ಸಹಿ ಹಾಕಿದರು.

ಅದಾಗಿ ನಾಲ್ಕು ತಿಂಗಳು ಕಳೆದ ಮೇಲೆ, 2024ರ ಸೆಪ್ಟೆಂಬರ್ 13ರಂದು, ಸರ್ವೋಚ್ಚ ನ್ಯಾಯಾಲಯ ಕರ್ನಾಟಕ ಹೈಕೋರ್ಟಿನಿಂದ ಹೋಗಿದ್ದ ಎಸ್. ಡಿ. ಮನೋಹರ ಮತ್ತು ಕೊಂಕಣ ರೈಲ್ವೆ ನಿಗಮದ ಪ್ರಕರಣವನ್ನು ತೀರ್ಮಾನಿಸಿತು. ಇಪ್ಪತ್ತಮೂರು ವರ್ಷ ದುಡಿದಿದ್ದ ಉದ್ಯೋಗಿ 2013ರ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟು, 2014ರ ಮೇ 26ರಂದು ಹಿಂಪಡೆದಿದ್ದರು. ಅವರನ್ನು ಬಿಡುಗಡೆ ಮಾಡಿದ್ದು ಜುಲೈ 1ರಂದು. ಏಪ್ರಿಲ್‌ನಲ್ಲಿಯೇ ಅಂಗೀಕರಿಸಿದ್ದೇವೆ ಎಂಬ ನಿಗಮದ ಪತ್ರವನ್ನು ನ್ಯಾಯಾಲಯ ಕಚೇರಿಯ ಆಂತರಿಕ ಪತ್ರವ್ಯವಹಾರವೆಂದು ಕಂಡಿತು, ಅಂಗೀಕಾರವಾಯಿತೆಂದ ದಿನದ ನಂತರವೂ ನಿಗಮವೇ ಅವರನ್ನು ಕೆಲಸಕ್ಕೆ ಹಾಜರಾಗುವಂತೆ ಕರೆದದ್ದನ್ನು ಗಮನಿಸಿತು, ಮತ್ತು ಅವರನ್ನು ಸೇವೆಗೆ ಮರಳಿ ತೆಗೆದುಕೊಳ್ಳುವಂತೆ ಆದೇಶಿಸಿತು. ಹೊರಗಿದ್ದ ಅಷ್ಟೂ ವರ್ಷಗಳಿಗೆ ನ್ಯಾಯಾಲಯ ಕೊಡಿಸಿದ್ದು ಶೇಕಡಾ 50ರಷ್ಟು ಸಂಬಳ. ಅದನ್ನು ಓದಿದ ದಿನ ನಾನು ಗುಮಾಸ್ತೆಗೆ ಫೋನ್ ಮಾಡಿ, ಅರ್ಧ ಸಂಬಳಕ್ಕೆ ಅಂದು ಒಪ್ಪಿ ನೀವು ತಪ್ಪು ಮಾಡಲಿಲ್ಲ ಎಂದು ಹೇಳಿದೆ.